ಬಿಳಿ ಶೂ ಹಳದಿಯಾಗದಂತೆ, ಅಂಟು ಬಿಡದಂತೆ

ತೊಳೆದ ಕ್ಯಾನ್ವಾಸ್ ಶೂ ಕೆಡುವುದು ಹೆಚ್ಚಾಗಿ ಎರಡು ಬಗೆಯಲ್ಲಿ. ಒದ್ದೆಯಿದ್ದಾಗ ಬೆಳ್ಳಗೆ ಕಂಡ ಬಟ್ಟೆ ಒಣಗುತ್ತಿದ್ದಂತೆ ಅಂಚಿನಲ್ಲಿ, ಹೊಲಿಗೆಯ ಸಾಲಿನಲ್ಲಿ ಹಳದಿ ಗೆರೆ ಎಳೆದುಕೊಳ್ಳುತ್ತದೆ. ಇಲ್ಲವೇ ಅಟ್ಟೆ ಮೂತಿಯ ಬಳಿ ಬಾಯಿಬಿಡುತ್ತದೆ, ಕೆಲವೊಮ್ಮೆ ಮೇಲಕ್ಕೆ ಬಾಗಿ ಸೊಟ್ಟಗಾಗುತ್ತದೆ. ಹಳದಿ ಗೆರೆಗೆ ಬಹುತೇಕ ಕಾರಣ ನೂಲಿನೊಳಗೆ ಉಳಿದುಹೋದ ಸೋಪು. ಬಾಯಿಬಿಡುವುದಕ್ಕೆ ಕಾರಣ ಗಂಟೆಗಟ್ಟಲೆ ನೆನೆಸುವುದು ಮತ್ತು ಒಣಗಿಸುವಾಗಿನ ಬಿಸಿ. ಕೊಳೆ ತೆಗೆಯುವುದು ಇಡೀ ಕೆಲಸದಲ್ಲಿ ಸುಲಭದ ಭಾಗ. ಜಾಲಿಸುವುದಕ್ಕೂ ಒಣಗಿಸುವುದಕ್ಕೂ ಅದರ ಎರಡರಷ್ಟು ಗಮನ ಬೇಕು.

ಯಾವ ಶೂ, ಯಾವ ಅಂಟು

ನೀರಿಗೆ ಇಳಿಸುವ ಮೊದಲು ಶೂವನ್ನು ತಿರುಗಿಸಿ ಅಟ್ಟೆ ಹೇಗೆ ಕೂಡಿದೆ ಎಂದು ನೋಡಬೇಕು. ಹಳೆಯ ಮಾದರಿಯ ಕ್ಯಾನ್ವಾಸ್ ಶೂನಲ್ಲಿ ದಪ್ಪ ಹತ್ತಿ ಬಟ್ಟೆಯ ಸುತ್ತ ರಬ್ಬರ್ ಪಟ್ಟಿ ಓಡುತ್ತದೆ, ಮೂತಿಯ ಮೇಲೂ ಒಂದು ರಬ್ಬರ್ ತುಂಡು ಇರುತ್ತದೆ. ಇದನ್ನು ಹಸಿ ರಬ್ಬರಿನಲ್ಲಿ ಕಟ್ಟಿ, ಇಡೀ ಶೂವನ್ನು ಮುಚ್ಚಿದ ಕೋಣೆಯಲ್ಲಿ ನೂರು ಡಿಗ್ರಿಗೂ ಮೀರಿದ ಶಾಖದಲ್ಲಿ ಬೇಯಿಸಿರುತ್ತಾರೆ. ಗಂಧಕ ಸೇರಿದ ರಬ್ಬರು ಆಗ ಗಟ್ಟಿಯಾಗಿ ಬಟ್ಟೆಯನ್ನು ಕಚ್ಚಿಕೊಳ್ಳುತ್ತದೆ. ಹೀಗೆ ವಲ್ಕನೀಕರಿಸಿದ ಶೂ ಬಿಸಿಯನ್ನು ಸಾಕಷ್ಟು ತಡೆದುಕೊಳ್ಳುತ್ತದೆ. ಶಾಲೆಯ ಮಕ್ಕಳು ಹಾಕುವ ಅಗ್ಗದ ಬಿಳಿ ಶೂಗಳಲ್ಲಿ ಬಹಳಷ್ಟಕ್ಕೆ ರಬ್ಬರ್ ಬದಲು ಪಿವಿಸಿ ಅಟ್ಟೆ ಇರುತ್ತದೆ. ಕರಗಿದ ಪ್ಲಾಸ್ಟಿಕ್ಕನ್ನು ಅಚ್ಚಿನಲ್ಲಿ ನೇರವಾಗಿ ಬಟ್ಟೆಗೆ ಸುರಿದು ಕೂಡಿಸಿದ್ದು ಅದು. ಬದಿಯಲ್ಲಿ ಪ್ರತ್ಯೇಕ ಪಟ್ಟಿ ಕಾಣದೆ, ಅಟ್ಟೆಯೂ ಅಂಚೂ ಒಂದೇ ತುಂಡಿನಂತಿದ್ದರೆ ಅದು ಈ ಬಗೆಯದು. ಅದರ ಒಳಗೆ ಕಾಲಿನಡಿ ಒತ್ತಿದ ರಟ್ಟಿನ ಹಾಳೆ ಇರುವುದು ಸಾಮಾನ್ಯ. ಆ ರಟ್ಟೇ ಅದರ ಬಲಹೀನ ಜಾಗ. ನೆನೆದರೆ ಉಬ್ಬುತ್ತದೆ, ಒಣಗುವಾಗ ಡೊಂಕಾಗುತ್ತದೆ.

ಓಡುವ, ಆಡುವ ಶೂಗಳ ರಚನೆಯೇ ಬೇರೆ. ಮೇಲೆ ಜಾಲರಿ ಬಟ್ಟೆ, ಮಧ್ಯದಲ್ಲಿ ಹಗುರ ಫೋಮ್, ಕೆಳಗೆ ತೆಳು ರಬ್ಬರ್ ಅಟ್ಟೆ. ಇವನ್ನು ಕೂಡಿಸಿರುವುದು ಪಾಲಿಯುರಿಥೇನ್ ಅಂಟು. ಕಾರ್ಖಾನೆಯಲ್ಲಿ ಈ ಅಂಟನ್ನು ಎರಡೂ ಮೇಲ್ಮೈಗೆ ಬಳಿದು ಒಣಗಿಸಿ, ಸುಮಾರು 60 ಡಿಗ್ರಿ ಸೆಲ್ಸಿಯಸ್ ಶಾಖ ಕೊಟ್ಟು ಮೆತ್ತಗಾದಾಗ ಒತ್ತಿ ಕೂಡಿಸುತ್ತಾರೆ. ಶಾಖಕ್ಕೆ ಮೆತ್ತಗಾಗಿ ಕೂಡಿದ್ದು ಶಾಖಕ್ಕೆ ಮತ್ತೆ ಸಡಿಲಗೊಳ್ಳಬಹುದು ಎಂಬುದನ್ನು ನೆನಪಿಟ್ಟರೆ ಒಣಗಿಸುವ ನಿಯಮಗಳು ತಾವಾಗಿಯೇ ಅರ್ಥವಾಗುತ್ತವೆ. ಮಧ್ಯದ ಫೋಮಿಗೂ ಬಿಸಿ ಆಗದು. ಅದು ಕುಗ್ಗುತ್ತದೆ, ಕೆಳಗಿನ ರಬ್ಬರು ಅಷ್ಟು ಕುಗ್ಗುವುದಿಲ್ಲ. ಒಂದಕ್ಕೊಂದು ಅಂಟಿಕೊಂಡ ಎರಡು ಪದರಗಳಲ್ಲಿ ಒಂದು ಮಾತ್ರ ಗಿಡ್ಡವಾದರೆ ಇಡೀ ಅಟ್ಟೆ ಬಾಗಲೇಬೇಕು. ಮೂತಿ ಮೇಲೆದ್ದು ನಿಂತ ಶೂಗಳಲ್ಲಿ ನಡೆದಿರುವುದು ಇದೇ.

ಚರ್ಮ ಅಥವಾ ಸ್ವೀಡ್ ತುಂಡುಗಳಿರುವ ಶೂವನ್ನು ನೀರಲ್ಲಿ ಮುಳುಗಿಸಬಾರದು. ಬಟ್ಟೆ ಇರುವಷ್ಟು ಭಾಗವನ್ನು ಒದ್ದೆ ಬ್ರಷ್ಷಿನಿಂದ ತಿಕ್ಕಿ, ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಬಣ್ಣದ ಕ್ಯಾನ್ವಾಸ್ ಆದರೆ ನಾಲಿಗೆಯ ಒಳಬದಿಗೆ ಒದ್ದೆಯಾದ ಬಿಳಿ ಬಟ್ಟೆ ಒತ್ತಿ ಬಣ್ಣ ಹತ್ತುತ್ತದೆಯೇ ಎಂದು ನೋಡಿಕೊಳ್ಳಬೇಕು.

ಮಣ್ಣು ತೆಗೆಯುವುದು ಒಣಗಿದ ಮೇಲೆಯೇ

ಲೇಸು ಬಿಚ್ಚಿ ಬೇರೆ ಇಡಬೇಕು. ಒಳಗಿನ ಮೆತ್ತೆ ಸಲೀಸಾಗಿ ಎದ್ದು ಬಂದರೆ ಅದನ್ನೂ ತೆಗೆಯಬೇಕು, ಅಂಟಿಸಿದ್ದರೆ ಕೀಳಬಾರದು. ಕೆಸರು ಹಸಿಯಿದ್ದರೆ ತೊಳೆಯಲು ಅವಸರ ಮಾಡಬಾರದು. ಹಸಿ ಮಣ್ಣನ್ನು ತಿಕ್ಕಿದರೆ ನವುರಾದ ಕಣಗಳು ನೂಲಿನ ಸಂದಿಗೆ ಇನ್ನಷ್ಟು ಇಳಿಯುತ್ತವೆ. ಎರಡು ಮೂರು ಗಂಟೆ ಗಾಳಿಗಿಟ್ಟು, ಎರಡು ಶೂಗಳನ್ನೂ ಅಟ್ಟೆಗೆ ಅಟ್ಟೆ ತಾಗಿಸಿ ಬಡಿದರೆ ಬಹುಪಾಲು ಮಣ್ಣು ಉದುರುತ್ತದೆ. ಉಳಿದದ್ದನ್ನು ಒಣ ಬ್ರಷ್ಷಿನಿಂದ ಒಂದೇ ದಿಕ್ಕಿಗೆ ಗುಡಿಸಿ ತೆಗೆಯಬೇಕು. ಅಟ್ಟೆಯ ಗೀರುಗಳಲ್ಲಿ ಸಿಕ್ಕಿಕೊಂಡ ಮಣ್ಣಿಗೆ ಹಳೆಯ ಟೂತ್ ಬ್ರಷ್ಷಿನ ಹಿಡಿ ಸಾಕು. ಮೊಳೆ, ಚಾಕು ಬೇಡ.

ಮಲೆನಾಡು ಮತ್ತು ಕರಾವಳಿಯ ಕೆಂಪು ಮಣ್ಣಿಗೆ ಈ ಹಂತ ಬಹಳ ಮುಖ್ಯ. ಆ ಮಣ್ಣಿನ ಬಣ್ಣ ಬರುವುದು ಕಬ್ಬಿಣದ ಆಕ್ಸೈಡುಗಳಿಂದ. ಅವು ನೀರಲ್ಲಿ ಕರಗುವುದಿಲ್ಲ. ಸೋಪು ಅವುಗಳನ್ನು ಎತ್ತಿ ತೇಲಿಸಬಲ್ಲದೇ ಹೊರತು ಕರಗಿಸಲಾರದು. ಹೀಗಾಗಿ ಒಣಗಿದ್ದಾಗ ಉದುರಿದ ಮಣ್ಣಷ್ಟೂ ಲಾಭ. ಕೆಂಪು ಮಣ್ಣಿನ ಕಲೆಗೆ ಕ್ಲೋರಿನ್ ಬ್ಲೀಚ್ ಸುರಿಯುವುದು ಅನೇಕರ ರೂಢಿ. ಅದು ಕಬ್ಬಿಣದ ಕಲೆಯನ್ನು ತೆಗೆಯುವುದಿಲ್ಲ, ಕೆಲವೊಮ್ಮೆ ಇನ್ನಷ್ಟು ಗಾಢವಾಗಿ ಕೂರಿಸುತ್ತದೆ. ತೊಳೆದ ಮೇಲೂ ಕೆಂಪು ಛಾಯೆ ಉಳಿದರೆ ನಿಂಬೆರಸಕ್ಕೆ ಚಿಟಿಕೆ ಉಪ್ಪು ಬೆರೆಸಿ ಕಲೆಯ ಮೇಲಷ್ಟೇ ಹಚ್ಚಿ, ಕಾಲು ಗಂಟೆ ಬಿಟ್ಟು ಚೆನ್ನಾಗಿ ತೊಳೆಯಬೇಕು. ನಿಂಬೆಯ ಆಮ್ಲ ಕಬ್ಬಿಣವನ್ನು ಸ್ವಲ್ಪ ಸ್ವಲ್ಪವಾಗಿ ಬಿಡಿಸುತ್ತದೆ. ಲೇಸಿನ ತೂತುಗಳ ಸುತ್ತ ಬರುವ ತುಕ್ಕಿನ ಕಲೆಗೂ ಇದೇ ಉಪಾಯ. ಹಳೆಯ ಕಲೆ ಪೂರ್ತಿ ಹೋಗದಿರಬಹುದು, ಎರಡನೇ ಸಲಕ್ಕೆ ಇನ್ನಷ್ಟು ತಿಳಿಯಾಗುತ್ತದೆ.

ತೊಳೆಯುವುದು ಹತ್ತು ನಿಮಿಷ, ಜಾಲಿಸುವುದು ಅದಕ್ಕಿಂತ ಹೆಚ್ಚು

ಬಟ್ಟೆ ಒಗೆಯುವ ಪುಡಿಗಿಂತ ಪಾತ್ರೆ ತೊಳೆಯುವ ದ್ರವವೋ ಶ್ಯಾಂಪುವೋ ಶೂಗೆ ಒಳ್ಳೆಯದು. ಒಗೆಯುವ ಪುಡಿಗಳಲ್ಲಿ ಸೋಡಾ ಹೆಚ್ಚು, ಕ್ಷಾರಗುಣ ಪ್ರಬಲ. ಅಂಗಿಯಂತಹ ತೆಳು ಬಟ್ಟೆಯನ್ನು ಹಿಂಡಿ ಆ ಕ್ಷಾರವನ್ನು ಹೊರಹಾಕಬಹುದು. ಶೂವನ್ನು ಹಿಂಡಲಾಗದು. ಎರಡು ಪದರ ಕ್ಯಾನ್ವಾಸ್, ನಡುವೆ ಅಂಟು, ಹಿಮ್ಮಡಿಯಲ್ಲಿ ರಟ್ಟು, ನಾಲಿಗೆಯಲ್ಲಿ ಫೋಮ್ ಇರುವ ಜಾಗಗಳಲ್ಲಿ ಕ್ಷಾರ ಕೂತೇ ಇರುತ್ತದೆ.

ಅರ್ಧ ಬಕೆಟ್ ಉಗುರು ಬೆಚ್ಚಗಿನ ನೀರಿಗೆ ಒಂದು ಟೀ ಚಮಚ ದ್ರವ ಸೋಪು ಸಾಕು. ನೊರೆ ಹೆಚ್ಚಾದಷ್ಟೂ ಕೊಳೆ ಹೆಚ್ಚು ಹೋಗುತ್ತದೆ ಎಂಬುದು ತಪ್ಪು ಎಣಿಕೆ. ಹೆಚ್ಚುವುದು ಜಾಲಿಸುವ ಕೆಲಸ ಮಾತ್ರ. ಶೂವನ್ನು ಬಕೆಟ್ಟಿನಲ್ಲಿ ಮುಳುಗಿಸಿಡುವ ಬದಲು ಬ್ರಷ್ಷನ್ನು ಸೋಪಿನ ನೀರಿಗೆ ಅದ್ದಿ ಶೂಗೆ ತಿಕ್ಕುವುದು ಸರಿಯಾದ ಕ್ರಮ. ಅಟ್ಟೆಯನ್ನು ಮೊದಲು ತೊಳೆದು, ಕೊಳೆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಬಟ್ಟೆಯ ಭಾಗ ತೊಳೆದರೆ ಅಟ್ಟೆಯ ಕಪ್ಪು ಬಟ್ಟೆಗೆ ಹತ್ತುವುದಿಲ್ಲ. ಕ್ಯಾನ್ವಾಸಿಗೆ ಮಧ್ಯಮ ಗಡಸಿನ ನೈಲಾನ್ ಬ್ರಷ್ ಆದೀತು. ಜಾಲರಿ ಬಟ್ಟೆಗೆ ಮೆತ್ತನೆಯ ಟೂತ್ ಬ್ರಷ್ ಬೇಕು, ಗಡಸು ಬ್ರಷ್ ಅದರ ಎಳೆಗಳನ್ನು ಕಿತ್ತು ನಯವಾದ ಜಾಲರಿಯ ಮೇಲೆ ಕೂದಲು ಎಬ್ಬಿಸುತ್ತದೆ. ಅಂಗುಲಗಲದ ಸುತ್ತುಗಳಲ್ಲಿ, ಮೂತಿಯಿಂದ ಹಿಮ್ಮಡಿಯತ್ತ ಸಾಗಬೇಕು. ಒಂದು ಶೂಗೆ ಐದು ನಿಮಿಷ ಹಿಡಿಯುತ್ತದೆ. ಕೊಳೆ ತುಂಬ ಗಟ್ಟಿಯಿದ್ದರೆ ಹತ್ತು ಹದಿನೈದು ನಿಮಿಷ ನೆನೆಸಬಹುದು, ಅದಕ್ಕಿಂತ ಹೆಚ್ಚು ಬೇಡ. ರಾತ್ರಿಯಿಡೀ ಸೋಪಿನ ನೀರಲ್ಲಿ ನೆನೆಸುವ ಅಭ್ಯಾಸ ಅಂಟಿಗೂ ರಟ್ಟಿಗೂ ದೊಡ್ಡ ಪೆಟ್ಟು.

ಲೇಸುಗಳನ್ನು ಬೇರೆ ಮಗ್ಗಿನಲ್ಲಿ ನೆನೆಸಿ ಅಂಗೈಯಲ್ಲಿ ಉಜ್ಜಿದರಾಯಿತು. ಲೇಸು ಪೂರ್ತಿ ಹತ್ತಿಯದಾದರೆ ಒಗೆಯುವ ಪುಡಿ ಹಾಕಬಹುದು, ಬಿಸಿ ನೀರೂ ಹಾಕಬಹುದು. ಒಳಮೆತ್ತೆಯನ್ನು ಮುಳುಗಿಸದೆ ಸೋಪಿನ ಬ್ರಷ್ಷಿನಿಂದ ತಿಕ್ಕಿ ನಲ್ಲಿಯಡಿ ಬೇಗ ತೊಳೆದು, ಎರಡು ಟವೆಲ್ಲುಗಳ ನಡುವೆ ಒತ್ತಬೇಕು.

ಜಾಲಿಸುವಾಗ ಅವಸರ ಮಾಡಿದರೆ ಹಳದಿ ಗೆರೆ ಕಾದೇ ಇರುತ್ತದೆ. ಹರಿಯುವ ನೀರಿನಡಿ ಶೂ ಹಿಡಿದು, ಬಟ್ಟೆಯನ್ನು ಹೆಬ್ಬೆರಳಿನಿಂದ ಒತ್ತುತ್ತಾ ಬಿಡುತ್ತಾ ಹೋಗಬೇಕು. ಒತ್ತಿದಾಗ ಹೊಲಿಗೆಯಿಂದ ಹಾಲಿನ ಬಣ್ಣದ ನೀರೋ ಸಣ್ಣ ಗುಳ್ಳೆಯೋ ಬಂದರೆ ಸೋಪು ಇನ್ನೂ ಇದೆ. ನಾಲಿಗೆಯ ಬುಡ, ಹಿಮ್ಮಡಿಯ ಒಳಭಾಗ, ಅಟ್ಟೆ ಬಟ್ಟೆಗೆ ಸೇರುವ ಗೆರೆ ಇವು ಸೋಪು ಕೊನೆಯತನಕ ಬಿಡದ ಮೂರು ಜಾಗಗಳು. ಬೋರ್‌ವೆಲ್ ನೀರಿನ ಮನೆಗಳಲ್ಲಿ ಇನ್ನೊಂದು ತೊಡಕಿದೆ. ಆ ನೀರಿನ ಸುಣ್ಣ ಮಾಮೂಲಿ ಬಾರ್ ಸೋಪಿನೊಂದಿಗೆ ಸೇರಿ ಕರಗದ ಬೂದುಬಣ್ಣದ ಜಿಡ್ಡಾಗುತ್ತದೆ. ಅದು ನೂಲಿಗೆ ಅಂಟಿ ಬಿಳಿ ಬಟ್ಟೆಯನ್ನು ಮಂಕಾಗಿಸುತ್ತದೆ. ಗಡಸು ನೀರಿದ್ದಲ್ಲಿ ಬಾರ್ ಸೋಪು ಬಿಟ್ಟು ದ್ರವವನ್ನೇ ಬಳಸಬೇಕು. ಕೊನೆಯ ಸಲ ಜಾಲಿಸಲು ಮಳೆನೀರೋ ಕಾವೇರಿ ನೀರೋ ಒಂದು ಬಕೆಟ್ ಸಿಕ್ಕರೆ ಅದನ್ನು ಇದಕ್ಕೆ ಎತ್ತಿಡುವುದು ಜಾಣತನ.

ಕಟ್ಟಕಡೆಗೆ ಒಂದು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಬಿಳಿ ವಿನೆಗರ್ ಬೆರೆಸಿ, ಶೂವಿನ ಬಟ್ಟೆಯ ಮೇಲೆಲ್ಲ ಸುರಿದು, ಎರಡು ನಿಮಿಷ ಬಿಟ್ಟು ಮತ್ತೊಮ್ಮೆ ಬರಿ ನೀರಲ್ಲಿ ಜಾಲಿಸಬೇಕು. ಉಳಿದ ಕ್ಷಾರವನ್ನು ಈ ನಸು ಹುಳಿ ಕಳೆಯುತ್ತದೆ. ಬಿಳಿ ಕ್ಯಾನ್ವಾಸಿಗೆ ಇದು ಅಗ್ಗದ, ಫಲ ಕೊಡುವ ಕ್ರಮ. ಆದರೆ ಬ್ಲೀಚ್ ಬಳಸಿದ ಪಾತ್ರೆಯಲ್ಲಾಗಲಿ, ಬ್ಲೀಚ್ ಹಾಕಿದ ಶೂ ಮೇಲಾಗಲಿ ವಿನೆಗರ್ ಅಥವಾ ನಿಂಬೆರಸ ಹಾಕಲೇಬಾರದು. ಅವು ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಮುಚ್ಚಿದ ಬಚ್ಚಲಲ್ಲಿ ಅದು ಅಪಾಯಕಾರಿ. ವಿನೆಗರಿಗೆ ಅಡುಗೆ ಸೋಡಾ ಬೆರೆಸುವುದೂ ವ್ಯರ್ಥ. ಬುರುಗು ಬರುತ್ತದೆ, ಆದರೆ ಒಂದರ ಗುಣವನ್ನು ಇನ್ನೊಂದು ಕಳೆದುಬಿಡುತ್ತದೆ.

ಬಟ್ಟೆಗೆ ಹಾಕುವ ನೀಲಿಯನ್ನು ಶೂಗೂ ಹಾಕಬಹುದು. ಅರ್ಧ ಬಕೆಟ್ ನೀರಿಗೆ ನಾಲ್ಕೈದು ಹನಿಗಿಂತ ಹೆಚ್ಚು ಬೇಡ. ಚೆನ್ನಾಗಿ ಕಲಕಿ, ಶೂ ಪೂರ್ತಿ ಒದ್ದೆಯಿರುವಾಗಲೇ ಮುಳುಗಿಸಿ ಕೂಡಲೇ ಎತ್ತಬೇಕು. ಅಲ್ಲಲ್ಲಿ ಒಣಗಿದ ಬಟ್ಟೆ ನೀಲಿಯನ್ನು ತೇಪೆ ತೇಪೆಯಾಗಿ ಹೀರುತ್ತದೆ.

ವಾಷಿಂಗ್ ಮಷಿನ್ನಿಗೆ ಶೂ ಹಾಕುವವರೂ ಇದ್ದಾರೆ. ವಲ್ಕನೀಕರಿಸಿದ ಸಾದಾ ಕ್ಯಾನ್ವಾಸ್ ಶೂ ಅದನ್ನು ಸಹಿಸಿಕೊಳ್ಳಬಹುದು. ಫೋಮ್ ಅಟ್ಟೆಯ ಶೂಗೆ ಉರುಳುವ ಪೆಟ್ಟು ಒಳ್ಳೆಯದಲ್ಲ. ಹಾಕಲೇಬೇಕಿದ್ದರೆ ತಣ್ಣೀರು, ದಿಂಬಿನ ಕವರಿನಲ್ಲಿ ಕಟ್ಟಿದ ಶೂ, ಜೊತೆಗೆ ಎರಡು ಹಳೆಯ ಟವೆಲ್ ಬೇಕು. ಡ್ರೈಯರ್ ಮಾತ್ರ ಯಾವ ಶೂಗೂ ಸಲ್ಲದು.

ಅಟ್ಟೆಯ ಅಂಚು ಬೆಳ್ಳಗಾಗಿಸುವುದು

ಅಟ್ಟೆಯ ಬಿಳಿ ಅಂಚು ಕೊಳಕಾಗಿ ಕಾಣಲು ಮೂರು ಕಾರಣಗಳಿರಬಹುದು, ಮೂರಕ್ಕೂ ಮದ್ದು ಬೇರೆ. ಯಾವುದು ಎಂದು ತಿಳಿಯಲು ಬೆರಳಗಲದ ಜಾಗವನ್ನು ಬಿಳಿ ಟೂತ್ ಪೇಸ್ಟಿನಿಂದ ಅರ್ಧ ನಿಮಿಷ ಉಜ್ಜಿ ಒರೆಸಿ ನೋಡಬೇಕು. ಒರೆಸಿದ ಬಟ್ಟೆಗೆ ಕಪ್ಪು ಹತ್ತಿ, ಜಾಗ ಬೆಳ್ಳಗಾದರೆ ಅದು ಬರಿಯ ಕೊಳೆ. ಕಪ್ಪು ಗೀಟು ಹಾಗೇ ನಿಂತಿದ್ದರೆ ಅದು ಬೇರೆ ರಬ್ಬರಿನ ಉಜ್ಜು. ಬಟ್ಟೆಗೆ ಏನೂ ಹತ್ತದೆ ಇಡೀ ಜಾಗ ಬೆಣ್ಣೆಯ ಬಣ್ಣದಲ್ಲೇ ಉಳಿದರೆ ರಬ್ಬರೇ ಹಳದಿಯಾಗಿದೆ ಎಂದರ್ಥ.

ಕೊಳೆಗೆ ಅಡುಗೆ ಸೋಡಾವನ್ನು ನೀರಲ್ಲಿ ಕಲಸಿದ ಗಟ್ಟಿ ಲೇಪವೋ ಬಿಳಿ ಟೂತ್ ಪೇಸ್ಟೋ ಸಾಕು. ಎರಡರಲ್ಲೂ ಕೆಲಸ ಮಾಡುವುದು ಉಜ್ಜುವ ನವುರಾದ ಕಣಗಳು. ಪೇಸ್ಟ್ ಬಿಳಿಯದಾಗಿರಬೇಕು, ಬಣ್ಣದ ಜೆಲ್ ಆಗಬಾರದು. ಲೇಪ ಬಟ್ಟೆಗೆ ತಾಗದಂತೆ ಅಂಚಿನ ಮೇಲಷ್ಟೇ ಉಜ್ಜಿ, ಒದ್ದೆ ಬಟ್ಟೆಯಿಂದ ಎರಡು ಸಲ ಒರೆಸಬೇಕು. ಗೀಟುಗಳಿಗೆ ಪೆನ್ಸಿಲ್ ಅಳಿಸುವ ಬಿಳಿ ರಬ್ಬರು ಅಥವಾ ಕಲೆ ತೆಗೆಯುವ ಮೆಲಮೈನ್ ಸ್ಪಂಜು ಆಗುತ್ತದೆ. ಈ ಸ್ಪಂಜು ಅತಿ ನವುರಾದ ಮರಳು ಕಾಗದದಂತೆ ಅಟ್ಟೆಯ ಮೇಲ್ಪದರವನ್ನು ಸವೆಸುತ್ತದೆ, ಹಾಗಾಗಿ ಹಗುರವಾಗಿ ಉಜ್ಜಬೇಕು.

ಕಲೆ ಹೋಗಲಿಲ್ಲವೆಂದು ಉಗುರು ಬಣ್ಣ ತೆಗೆಯುವ ದ್ರವ ಹಚ್ಚುವವರು ಬಹಳ. ಅದರಲ್ಲಿರುವ ಅಸಿಟೋನ್ ಗೀಟನ್ನು ತೆಗೆಯುತ್ತದೆ, ಜೊತೆಗೆ ಅಂಚಿನ ಬಣ್ಣವನ್ನೂ ಕರಗಿಸುತ್ತದೆ, ಸಂದಿಗೆ ಇಳಿದರೆ ಅಂಟನ್ನೂ ಮೆತ್ತಗಾಗಿಸುತ್ತದೆ. ಪಿವಿಸಿ ಅಟ್ಟೆ ಅದಕ್ಕೆ ಮಂಕಾಗಿ ಜಿಗುಟಾಗುತ್ತದೆ. ಥಿನ್ನರ್, ಪೆಟ್ರೋಲುಗಳ ಕತೆಯೂ ಇಷ್ಟೆ.

ರಬ್ಬರೇ ಹಳದಿಯಾಗುವುದು ಬಿಸಿಲು ಮತ್ತು ಗಾಳಿಯ ಆಮ್ಲಜನಕದಿಂದ ನಿಧಾನವಾಗಿ ಆಗುವ ಬದಲಾವಣೆ. ಇದಕ್ಕೆ ಉಜ್ಜುವುದು ಫಲಿಸದು, ಬಣ್ಣವನ್ನು ರಾಸಾಯನಿಕವಾಗಿಯೇ ತೆಗೆಯಬೇಕು. ಔಷಧಿ ಅಂಗಡಿಯಲ್ಲಿ ಸಿಗುವ ಶೇಕಡಾ 3 ಅಥವಾ 6ರ ಹೈಡ್ರೋಜನ್ ಪೆರಾಕ್ಸೈಡ್ ಇದಕ್ಕೆ ಒದಗುತ್ತದೆ. ಶೂ ತೊಳೆದು, ಒಣಗಿ, ಬಟ್ಟೆಯ ಅಂಚಿಗೆ ಕಾಗದದ ಟೇಪು ಸುತ್ತಿದ ಮೇಲೆ ಕೆಲಸ ಶುರು ಮಾಡಬೇಕು. ಕೈಗೆ ಗ್ಲೌಸ್ ಬೇಕು. ಪೆರಾಕ್ಸೈಡಿಗೆ ಸ್ವಲ್ಪ ಅಡುಗೆ ಸೋಡಾ ಸೇರಿಸಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ ಅಂಚಿನ ಮೇಲೆ ದಪ್ಪಗೆ ಬಳಿದು, ಆರಿಹೋಗದಂತೆ ಅಡುಗೆಮನೆಯ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಬೇಕು. ಬೆಳಿಗ್ಗೆ ಎಂಟರಿಂದ ಹತ್ತರ ಬಿಸಿಲಿನಲ್ಲಿ ಒಂದೂವರೆ ಗಂಟೆ ಇಟ್ಟರೆ ಬಿಸಿಲಿನ ನೇರಳಾತೀತ ಕಿರಣ ಪೆರಾಕ್ಸೈಡಿನ ಕೆಲಸವನ್ನು ಚುರುಕುಗೊಳಿಸುತ್ತದೆ. ನಡುವೆ ಒಮ್ಮೆ ಹಾಳೆ ಬಿಚ್ಚಿ ಲೇಪ ಆರಿದ್ದರೆ ಮತ್ತೆ ಬಳಿಯಬೇಕು, ಅರ್ಧಂಬರ್ಧ ಆರಿದರೆ ಅಂಚು ಪಟ್ಟೆಪಟ್ಟೆಯಾಗುತ್ತದೆ. ಆಮೇಲೆ ತಣ್ಣೀರಲ್ಲಿ ತೊಳೆದು ಒರೆಸಬೇಕು. ನಡು ಮಧ್ಯಾಹ್ನದ ಬಿಸಿಲಿಗೆ ಇಡುವಂತಿಲ್ಲ, ಪ್ಲಾಸ್ಟಿಕ್ಕಿನೊಳಗೆ ಶಾಖ ಸೇರಿ ಅಂಟಿಗೆ ತಗಲುತ್ತದೆ. ಒಂದು ಸಲಕ್ಕೆ ಬಣ್ಣ ಒಂದು ಪದರದಷ್ಟು ತಿಳಿಯಾಗುತ್ತದೆ. ಮೂರು ಸಲವಾದರೂ ಬದಲಾಗದಿದ್ದರೆ ಅಲ್ಲಿಗೆ ಬಿಡುವುದು ಒಳಿತು. ಹಳದಿ ತಿಂಗಳುಗಳಲ್ಲಿ ಮತ್ತೆ ಮರಳುವುದೂ ಸಹಜ.

ಶಾಲೆಯ ಬಿಳಿ ಶೂಗೆ ಹಚ್ಚುವ ಬಿಳಿ ಪಾಲಿಶ್ ಇದ್ಯಾವುದೂ ಅಲ್ಲ, ಅದು ಬಣ್ಣ ಮಾತ್ರ. ತೊಳೆದ, ಇನ್ನೇನು ಒಣಗಲಿರುವ ಕ್ಯಾನ್ವಾಸಿಗೆ ಸ್ಪಂಜಿನಿಂದ ತೆಳುವಾಗಿ ಒಂದು ಕೈ ಹಚ್ಚಿದರೆ ಒಳ್ಳೆಯ ಮುಚ್ಚಿಗೆ. ಕೊಳೆಯ ಮೇಲೆ, ಹಳೆಯ ಪಾಲಿಶ್ ಮೇಲೆ ಮತ್ತೆ ಮತ್ತೆ ಬಳಿದರೆ ಮಡಿಕೆಗಳಲ್ಲಿ ಬಿರುಕುಬಿಟ್ಟು ಸೀಮೆಸುಣ್ಣದಂತೆ ಉದುರುತ್ತದೆ.

ಒಣಗಿಸುವುದು

ತೊಳೆದ ಶೂ ಒಳಗೆ ಎಷ್ಟು ನೀರು ಹಿಡಿದಿರುತ್ತದೆ ಎಂಬುದು ಅಡುಗೆಮನೆಯ ತಕ್ಕಡಿಗೆ ಗೊತ್ತಾಗುತ್ತದೆ. ಒಣಗಿದ್ದಾಗ 350 ಗ್ರಾಂ ತೂಗುವ ಕ್ಯಾನ್ವಾಸ್ ಶೂ ತೊಳೆದ ಮೇಲೆ 500 ಗ್ರಾಂ ತೂಗಿದರೆ, ಒಂದು ಲೋಟದಷ್ಟು ನೀರು ಬಟ್ಟೆಯಲ್ಲಿ, ರಟ್ಟಿನಲ್ಲಿ ಕುಳಿತಿದೆ. ಅದನ್ನು ಬಿಸಿಯಿಂದ ಓಡಿಸುವುದಲ್ಲ, ಮೊದಲು ಹೀರಿಸಿ ತೆಗೆದು, ಉಳಿದದ್ದನ್ನು ಗಾಳಿಗೆ ಬಿಡಬೇಕು.

ಮೊದಲ ಅರ್ಧ ಗಂಟೆ ಶೂವಿನ ಬಾಯಿ ಕೆಳಗಾಗಿ ಓರೆಯಾಗಿ ಇಟ್ಟು ನೀರು ಬಸಿಯಲು ಬಿಡಬೇಕು. ಗೋಡೆಗೆ ಒರಗಿಸಿ ಮೂತಿ ಮೇಲೆ ಮಾಡಿ ನಿಲ್ಲಿಸುವುದು ನಮ್ಮ ಮನೆಗಳ ವಾಡಿಕೆ. ಹಾಗಿಟ್ಟರೆ ನೀರೆಲ್ಲ ಹಿಮ್ಮಡಿಗೆ ಇಳಿದು ಅಲ್ಲಿನ ರಟ್ಟು ಗಂಟೆಗಟ್ಟಲೆ ನೆನೆಯುತ್ತದೆ. ಬಸಿದಾದ ಮೇಲೆ ಒಣ ಟವೆಲ್ಲಿನಲ್ಲಿ ಸುತ್ತಿ ಅಂಗೈಯಿಂದ ಒತ್ತಬೇಕು, ತಿರುಚಬಾರದು. ಆಮೇಲೆ ಒಳಗೆ ಹಳೆಯ ಹತ್ತಿ ಬಟ್ಟೆಯನ್ನೋ ಬಿಳಿ ಕಾಗದವನ್ನೋ ಮೂತಿಯ ತನಕ ತುಂಬಬೇಕು. ಇದು ನೀರು ಹೀರುವುದರ ಜೊತೆಗೆ ಆಕಾರವನ್ನೂ ಹಿಡಿದಿಡುತ್ತದೆ. ಸುದ್ದಿಪತ್ರಿಕೆ ಚೆನ್ನಾಗಿಯೇ ಹೀರುತ್ತದೆ, ಆದರೆ ಅದರ ಮಸಿ ಬಿಳಿ ಒಳಬಟ್ಟೆಗೆ ಹತ್ತುತ್ತದೆ, ಬಣ್ಣದ ಶೂಗಾದರೆ ಚಿಂತೆಯಿಲ್ಲ. ತುಂಬಿದ್ದನ್ನು ಮೊದಲ ಆರು ಗಂಟೆಗಳಲ್ಲಿ ಎರಡು ಗಂಟೆಗೊಮ್ಮೆ ಬದಲಿಸಬೇಕು. ಒದ್ದೆಯಾದ ಕಾಗದವನ್ನು ಅಲ್ಲೇ ಬಿಟ್ಟರೆ ಅದು ನೀರನ್ನು ಹೊರಬಿಡದೆ ಒಳಗೇ ಇಟ್ಟುಕೊಳ್ಳುತ್ತದೆ, ಕಮಟು ವಾಸನೆ ಹುಟ್ಟುವುದು ಹೀಗೆ.

ಬಿಳಿ ಕ್ಯಾನ್ವಾಸಿಗೆ ಹೊರಗಡೆಯೂ ಒಂದು ಹೊದಿಕೆ ಬೇಕು. ಬಟ್ಟೆಯೊಳಗಿನ ನೀರು ಆವಿಯಾಗುವುದು ಹೊರಮೈಯಿಂದ. ಒಳಗಿನ ನೀರು ನೂಲಿನ ಗುಂಟ ಅಲ್ಲಿಗೆ ಹರಿದುಬರುತ್ತದೆ, ಬರುವಾಗ ಕರಗಿದ ಸೋಪು, ರಟ್ಟಿನ ಕಂದು ಬಣ್ಣ, ಅಂಟಿನ ಅಂಶ ಎಲ್ಲವನ್ನೂ ಹೊತ್ತು ತರುತ್ತದೆ. ನೀರು ಹಾರಿಹೋಗುತ್ತದೆ, ಹೊತ್ತು ತಂದದ್ದು ಅಲ್ಲೇ ಉಳಿಯುತ್ತದೆ. ಕೊನೆಗೆ ಒಣಗುವ ದಪ್ಪ ಹೊಲಿಗೆ ಮತ್ತು ಅಂಚುಗಳಲ್ಲೇ ಹಳದಿ ಸೇರುವುದಕ್ಕೆ ಕಾರಣ ಇದು. ಒದ್ದೆ ಶೂವಿನ ಮೇಲೆ ಬಿಳಿ ಟಿಶ್ಯೂ ಕಾಗದವನ್ನು ಎರಡು ಮೂರು ಪದರ ಮೈಗಂಟುವಂತೆ ಸುತ್ತಿದರೆ, ನೀರು ಕಾಗದದ ಹೊರಮೈ ತನಕ ಹರಿದು ಅಲ್ಲಿಂದ ಆವಿಯಾಗುತ್ತದೆ. ಹಳದಿ ಬಣ್ಣ ಕಾಗದದಲ್ಲೇ ನಿಲ್ಲುತ್ತದೆ. ಪೂರ್ತಿ ಒಣಗಿದ ಮೇಲೆ ಬಿಚ್ಚಿದ ಆ ಕಾಗದದಲ್ಲಿ ಹೊಲಿಗೆಯ ಗೆರೆ ಕಂದಾಗಿ ಮೂಡಿರುವುದನ್ನು ಕಣ್ಣಾರೆ ನೋಡಬಹುದು. ಕಾಗದ ಮಧ್ಯದಲ್ಲಿ ಎದ್ದು ನಿಂತರೆ ಆ ಜಾಗದಲ್ಲಿ ಗೆರೆ ಉಳಿಯುತ್ತದೆ, ಒದ್ದೆ ಬೆರಳಿನಿಂದ ಮತ್ತೆ ಒತ್ತಿ ಕೂರಿಸಬೇಕು.

ಜಾಗ ಯಾವುದೆಂದರೆ ನೆರಳು ಮತ್ತು ಗಾಳಿ. ಫ್ಯಾನಿನಿಂದ ಮೂರು ನಾಲ್ಕು ಅಡಿ ದೂರದಲ್ಲಿ, ಶೂವಿನ ಬಾಯಿ ಗಾಳಿಗೆ ತೆರೆದಿರುವಂತೆ, ನೆಲಕ್ಕೆ ತಾಗದೆ ಜಾಲರಿಯ ಮೇಲೋ ಎರಡು ಕೋಲಿನ ಮೇಲೋ ಇಡಬೇಕು. ಚಲಿಸುವ ಗಾಳಿಯಲ್ಲಿ ಜಾಲರಿ ಬಟ್ಟೆಯ ಶೂ ಬೆಳಿಗ್ಗೆ ಇಟ್ಟರೆ ಸಂಜೆಗೆ ಒಣಗುತ್ತದೆ. ಕ್ಯಾನ್ವಾಸ್ ಒಂದು ಹಗಲು ಒಂದು ರಾತ್ರಿ ಕೇಳುತ್ತದೆ. ಮಳೆಗಾಲದಲ್ಲಿ ಎರಡು ದಿನ.

ಬೇಸಿಗೆಯ ಮಧ್ಯಾಹ್ನದ ತಾರಸಿ, ನಿಲ್ಲಿಸಿದ ಕಾರಿನ ಒಳಭಾಗ, ಹೀಟರ್, ಒಲೆಯ ಪಕ್ಕ, ಹತ್ತಿರ ಹಿಡಿದ ಹೇರ್ ಡ್ರೈಯರ್ ಇವೆಲ್ಲವೂ 60 ಡಿಗ್ರಿಯ ಆಸುಪಾಸಿಗೆ ಹೋಗಬಲ್ಲವು, ಕೆಲವು ಅದನ್ನು ದಾಟುತ್ತವೆ. ಅಂದರೆ ಕಾರ್ಖಾನೆಯಲ್ಲಿ ಅಂಟನ್ನು ಮೆತ್ತಗಾಗಿಸಿದ ಶಾಖ. ಒದ್ದೆ ಬಟ್ಟೆ ಆವಿಯಾಗುವಾಗ ತಂಪಾಗಿರುತ್ತದೆ, ಆದ್ದರಿಂದ ಮೊದಮೊದಲು ಏನೂ ಆಗದಂತೆ ತೋರುತ್ತದೆ. ಮೇಲ್ಮೈ ಒಣಗಿದ ಕ್ಷಣದಿಂದ ಶಾಖ ಏರುತ್ತದೆ, ಒಳಗೆ ಇನ್ನೂ ತೇವವಿರುವಾಗಲೇ ಹೊರಗೆ ಫೋಮು ಕುಗ್ಗಲಾರಂಭಿಸುತ್ತದೆ. ಬೆಳಗಿನ ಎಳೆ ಬಿಸಿಲು ಅರ್ಧ ಗಂಟೆ ಬಿದ್ದರೆ ಹಾನಿಯಿಲ್ಲ, ವಾಸನೆಗೆ ಒಳ್ಳೆಯದೇ. ಅಟ್ಟೆಯನ್ನು ಮುಟ್ಟಿದಾಗ ಕೈಗೆ ಬೆಚ್ಚಗೆನಿಸಿದರೆ ಸರಿ, ಸುಡುವಂತೆನಿಸಿದರೆ ಕೂಡಲೇ ನೆರಳಿಗೆ ತರಬೇಕು.

ಒಂದು ಉದಾಹರಣೆ. ಜುಲೈ ತಿಂಗಳು, ಶಿವಮೊಗ್ಗದ ಕಡೆಯ ಮನೆ. ಶನಿವಾರ ಮಧ್ಯಾಹ್ನ ಒಂದಕ್ಕೆ ಮಗು ಖೋ ಖೋ ಆಡಿ ಕೆಂಪು ಕೆಸರಿನ ಬಿಳಿ ಶೂ ತಂದಿದೆ, ಸೋಮವಾರ ಬೆಳಿಗ್ಗೆ ಅದೇ ಶೂ ಬೇಕು. ಲೇಸು ಬಿಚ್ಚಿ, ಒಳಮೆತ್ತೆ ತೆಗೆದು ಫ್ಯಾನಿನಡಿ ಬಿಟ್ಟರೆ ನಾಲ್ಕು ಗಂಟೆಗೆ ಕೆಸರು ಗಟ್ಟಿಯಾಗಿ ಉದುರುವ ಹದಕ್ಕೆ ಬರುತ್ತದೆ. ಬಡಿದು, ಗುಡಿಸಿ, ನಾಲ್ಕೂಕಾಲಿಗೆ ತೊಳೆಯಲು ಕೂತರೆ ಜಾಲಿಸಿ ವಿನೆಗರ್ ನೀರು ಸುರಿಯುವಷ್ಟರಲ್ಲಿ ಐದಾಗುತ್ತದೆ. ಬಸಿದು, ಟವೆಲ್ಲಿನಲ್ಲಿ ಒತ್ತಿ, ಒಳಗೆ ಬಟ್ಟೆ ತುಂಬಿ, ಹೊರಗೆ ಟಿಶ್ಯೂ ಸುತ್ತಿ ಆರಕ್ಕೆ ಫ್ಯಾನಿನ ಮುಂದೆ. ಒಳಗಿನ ಬಟ್ಟೆ ಎಂಟಕ್ಕೊಮ್ಮೆ, ಮಲಗುವ ಮುನ್ನ ಒಮ್ಮೆ ಬದಲಾಗಲಿ. ಭಾನುವಾರ ಬೆಳಿಗ್ಗೆ ಹೊರಮೈ ಒಣಗಿರುತ್ತದೆ, ಒಳಗೆ ಮೂತಿಯಲ್ಲಿ ತೇವವಿರುತ್ತದೆ. ಆಗ ಮತ್ತೊಂದು ಒಣ ಬಟ್ಟೆ ತುಂಬಿ, ಮಧ್ಯಾಹ್ನ ಅದನ್ನೂ ತೆಗೆದು, ಬಾಯಿ ಅಗಲಿಸಿ ಗಾಳಿಗೆ ಬಿಡಬೇಕು. ಸಂಜೆ ಟಿಶ್ಯೂ ಬಿಚ್ಚಿ, ಪಾಲಿಶ್ ಬೇಕಿದ್ದರೆ ತೆಳುವಾಗಿ ಹಚ್ಚಿ ರಾತ್ರಿಯಿಡೀ ಬಿಟ್ಟರೆ ಸೋಮವಾರಕ್ಕೆ ಶೂ ಸಿದ್ಧ. ಇದೇ ಕೆಲಸವನ್ನು ಭಾನುವಾರ ಸಂಜೆ ಶುರು ಮಾಡಿದರೆ ಒಲೆಯ ಪಕ್ಕವೋ ಹೇರ್ ಡ್ರೈಯರೋ ಅನಿವಾರ್ಯವಾಗುತ್ತದೆ. ಅಂಟು ಬಿಡುವುದು ಹೆಚ್ಚಾಗಿ ಇಂಥ ರಾತ್ರಿಗಳಲ್ಲಿ. ಹೇರ್ ಡ್ರೈಯರ್ ಹಿಡಿಯಲೇಬೇಕಾದರೆ ತಣ್ಣನೆಯ ಗಾಳಿಯ ಗುಂಡಿ ಒತ್ತಿ ಹಿಡಿಯಬೇಕು.

ಒಣಗಿತೇ ಎಂದು ಬೆರಳ ತುದಿಯಿಂದ ನೋಡಿದರೆ ಮೋಸವಾಗಬಹುದು. ಬೆರಳು ಒಳಗೆ ಮೂತಿಯ ತನಕ ಹೋಗಿ ರಟ್ಟಿನ ಮೇಲೆ ಹತ್ತು ಕ್ಷಣ ನಿಲ್ಲಬೇಕು. ಸುತ್ತಲ ಗಾಳಿಗಿಂತ ತಣ್ಣಗೆನಿಸಿದರೆ ಇನ್ನೂ ನೀರಿದೆ. ತೊಳೆಯುವ ಮುನ್ನ ತೂಕ ನೋಡಿಟ್ಟುಕೊಂಡಿದ್ದರೆ ಅನುಮಾನವೇ ಇಲ್ಲ, ಹಳೆಯ ತೂಕಕ್ಕೆ ಮರಳಿದಾಗ ಒಣಗಿದೆ. ತೇವವಿದ್ದಾಗಲೇ ಹಾಕಿ ನಡೆದರೆ ನೆನೆದ ರಟ್ಟು ಮಡಿಚಿ ಪದರ ಪದರವಾಗುತ್ತದೆ. ಪೆಟ್ಟಿಗೆಯಲ್ಲಿ ಮುಚ್ಚಿಟ್ಟರೆ ಮಳೆಗಾಲದಲ್ಲಿ ನಾಲ್ಕು ದಿನಕ್ಕೆ ಬೂಷ್ಟು ಹಿಡಿಯುತ್ತದೆ.

ಕೆಟ್ಟದ್ದನ್ನು ಸರಿಪಡಿಸುವುದು

ಒಣಗಿದ ಮೇಲೂ ಹಳದಿ ಗೆರೆ ಕಂಡಾಗ ಆ ಜಾಗಕ್ಕಷ್ಟೇ ನೀರು ಹಾಕಿದರೆ ಗೆರೆ ಮುಂದಕ್ಕೆ ಸರಿದು ಹೊಸ ಅಂಚು ಕಟ್ಟುತ್ತದೆ. ಇಡೀ ಬಟ್ಟೆಯನ್ನು ಒದ್ದೆ ಮಾಡಿ, ವಿನೆಗರ್ ನೀರು ಸುರಿದು, ಜಾಲಿಸಿ, ಮತ್ತೆ ಟಿಶ್ಯೂ ಸುತ್ತಿ ಒಣಗಿಸಬೇಕು. ಸೋಪಿನಿಂದಾದ ಗೆರೆ ಇದರಿಂದ ಹೋಗುತ್ತದೆ. ಬ್ಲೀಚಿನಿಂದ ಹಳದಿಯಾದ ನೈಲಾನ್, ಪಾಲಿಯೆಸ್ಟರ್ ಜಾಲರಿ ಮತ್ತೆ ಬೆಳ್ಳಗಾಗುವುದು ಅಪರೂಪ.

ಮೂತಿ ಸ್ವಲ್ಪ ಮೇಲೆದ್ದ ಶೂವಿನೊಳಗೆ ಬಟ್ಟೆ ಬಿಗಿಯಾಗಿ ತುಂಬಿ, ಅಟ್ಟೆ ಸಮತಟ್ಟಾಗುವಂತೆ ಮೇಲೆ ಭಾರವಾದ ಪುಸ್ತಕವಿಟ್ಟು ಎರಡು ದಿನ ಬಿಟ್ಟರೆ, ರಟ್ಟು ಬಾಗಿದ್ದರಿಂದಾದ ಸೊಟ್ಟು ತಿದ್ದುಕೊಳ್ಳುತ್ತದೆ. ಫೋಮೇ ಕುಗ್ಗಿದ್ದರೆ ತಿದ್ದಲಾಗದು. ಅದನ್ನು ಗುರುತಿಸುವುದು ಸುಲಭ, ಜೋಡಿಯ ಎರಡೂ ಶೂಗಳನ್ನು ಅಟ್ಟೆಗೆ ಅಟ್ಟೆ ಸೇರಿಸಿದಾಗ ಒಂದು ಗಿಡ್ಡವಾಗಿ ಕಾಣುತ್ತದೆ, ಬದಿಯ ಫೋಮಿನಲ್ಲಿ ಸಣ್ಣ ಸುಕ್ಕುಗಳಿರುತ್ತವೆ. ವರ್ಷಗಟ್ಟಲೆ ಮುಚ್ಚಿಟ್ಟ ಶೂವಿನ ಅಟ್ಟೆ ತೊಳೆದ ದಿನವೇ ಪುಡಿಪುಡಿಯಾಗಿ ಉದುರಿದರೆ ಅದು ತೊಳೆದವರ ತಪ್ಪಲ್ಲ. ಪಾಲಿಯುರಿಥೇನ್ ಫೋಮ್ ಗಾಳಿಯ ತೇವದಿಂದ ಒಳಗೊಳಗೇ ಸಡಿಲವಾಗಿರುತ್ತದೆ, ಅದನ್ನು ಅಂಟಿಸಲೂ ಆಗದು.

ಬರಿಯ ಅಂಟು ಬಿಟ್ಟಿದ್ದರೆ ಮನೆಯಲ್ಲೇ ಕೂಡಿಸಬಹುದು. ಬಾಯಿಬಿಟ್ಟ ಎರಡೂ ಮೇಲ್ಮೈಯಿಂದ ಹಳೆಯ ಅಂಟಿನ ಸಿಪ್ಪೆ ಮತ್ತು ಮಣ್ಣು ತೆಗೆದು, ಮರಳು ಕಾಗದದಿಂದ ಹಗುರವಾಗಿ ಒರಟಾಗಿಸಿ, ಪೂರ್ತಿ ಒಣಗಲು ಒಂದು ದಿನ ಬಿಡಬೇಕು. ಶೂ ರಿಪೇರಿಯವರು ಬಳಸುವ ಹಳದಿ ಅಂಟನ್ನು ಎರಡೂ ಕಡೆ ತೆಳುವಾಗಿ ಬಳಿದು, ಹತ್ತು ಹದಿನೈದು ನಿಮಿಷ ಕಾದು, ಬೆರಳಿಗೆ ಜಿಗುಟೆನಿಸಿದರೂ ಅಂಟು ಎಳೆಯಾಗಿ ಬಾರದ ಹದದಲ್ಲಿ ಒತ್ತಿ ಕೂಡಿಸಬೇಕು. ಆ ಹತ್ತು ನಿಮಿಷ ಕಾಯದೆ ಒತ್ತಿದರೆ ಒಳಗಿನ ದ್ರಾವಕ ಹೊರಹೋಗಲು ದಾರಿಯಿಲ್ಲದೆ ಅಂಟು ಹಿಡಿಯುವುದಿಲ್ಲ. ಕ್ಷಣದಲ್ಲಿ ಅಂಟುವ ಸೂಪರ್ ಗ್ಲೂ ಗಾಜಿನಂತೆ ಗಡಸಾಗುತ್ತದೆ, ನಡೆವಾಗ ಅಟ್ಟೆ ಬಾಗುವಲ್ಲಿ ಒಡೆಯುತ್ತದೆ. ಒತ್ತಿದ ಮೇಲೆ ಸೈಕಲ್ ಟ್ಯೂಬಿನ ಪಟ್ಟಿಯೋ ಹಗ್ಗವೋ ಬಿಗಿದು 24 ಗಂಟೆ ಬಿಡಬೇಕು. ಮೂತಿಯ ಅಂಟು ಎರಡನೇ ಸಲವೂ ಬಿಟ್ಟರೆ ಅಲ್ಲಿ ಹೊಲಿಗೆ ಹಾಕಿಸುವುದೇ ದಾರಿ. ಹೊಲಿಗೆಯ ತೂತಿನಿಂದ ನೀರು ಒಳಗೆ ಬರುತ್ತದೆ, ಹಾಗಾಗಿ ಅಂಥ ಶೂವನ್ನು ಮುಂದೆ ಮುಳುಗಿಸದೆ ಬ್ರಷ್ಷಿನಿಂದಲೇ ತೊಳೆಯಬೇಕು.